ಕಾರ್ ಶೆಡ್ ಮೇಲೆ ಸೋಲಾರ್: 9 ಅಡಿಯೋ, 12 ಅಡಿಯೋ? ಮಾಡಿಸಿದವರು ಹೇಳಿ

ವಿದ್ಯಾನಗರ ದಾವಣಗೆರೆ (ಪ್ರಶ್ನೆ): ಮನೆ ಮುಂದೆ 20 x 18 ಅಡಿ ಖಾಲಿ ಜಾಗ ಐತೆ. ಎರಡು ಕಾರು, ಒಂದು ಎಲೆಕ್ಟ್ರಿಕ್. ಶೀಟ್ ಬದಲು ಪ್ಯಾನೆಲ್ಲನ್ನೇ ಚಾವಣಿ ಮಾಡಿಸೋಣ ಅಂತಿದೀನಿ. ಎತ್ತರ ಒಬ್ಬರು 9 ಅಡಿ ಸಾಕು ಅಂತಾರೆ, ಇನ್ನೊಬ್ಬರು 12 ಅಡಿ ಬೇಕೇ ಬೇಕು ಅಂತಾರೆ. ಗಾಳಿಗೆ ನಿಲ್ಲುತ್ತಾ? ನೆರಳು ಸರಿಯಾಗಿ ಸಿಗುತ್ತಾ? ಕಾರು ಅದರಲ್ಲೇ ಚಾರ್ಜ್ ಆಗುತ್ತಾ? ಮಾಡಿಸಿದವರು ದಯವಿಟ್ಟು ಹೇಳಿ.

ದುರ್ಗದವ: ನಿಲ್ಲಲ್ಲ ಸಾರ್. ನಂದು ನಿಲ್ಲಲಿಲ್ಲ. ಜೋಗಿಮಟ್ಟಿ ಕಡೆ ಮನೆ, ಗುಡ್ಡದ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ ಅನ್ನೋದು ಊರಿಗೆಲ್ಲ ಗೊತ್ತು, ನನ್ನ ಕಂಟ್ರಾಕ್ಟರಿಗೆ ಮಾತ್ರ ಗೊತ್ತಿರಲಿಲ್ಲ. 540 ವ್ಯಾಟಿನ 10 ಪ್ಯಾನೆಲ್, 12 ಅಡಿ ಎತ್ತರ, ನಾಲ್ಕು ಕಂಬ. ಸ್ಟ್ರಕ್ಚರಿಗೇ 95 ಸಾವಿರ ತಗೊಂಡ. ಕಂಬದ ಕೆಳಗೆ ಗುಂಡಿ ತೋಡಲಿಲ್ಲ. ಅಂಗಳದ ನಾಲ್ಕು ಇಂಚು ಕಾಂಕ್ರೀಟಿಗೆ ಡ್ರಿಲ್ ಹೊಡೆದು, ಬೇಸ್ ಪ್ಲೇಟ್ ಕೂರಿಸಿ, ಆಂಕರ್ ಬೋಲ್ಟ್ ಬಿಗಿದ. "ಎಂಟು ನೂರು ಕೆಜಿ ಮೇಲೆ ಕೂತಿದೆ, ಎಲ್ಲಿಗೆ ಹೋಗುತ್ತೆ" ಅಂದ.

ಸಂಜೆ ಬಿಸಿಲು ಕಾರಿಗೆ ಬೀಳ್ತಿತ್ತು ಅಂತ ಪಶ್ಚಿಮಕ್ಕೆ ಹಸಿರು ನೆಟ್ ಕಟ್ಟಿಸಿದೆ. ಮೇ ತಿಂಗಳು, ಮಳೆಗೆ ಮುಂಚಿನ ಗಾಳಿ ಬಂತು. ಪಶ್ಚಿಮದ ಎರಡು ಕಂಬ ಬೋಲ್ಟ್ ಸಮೇತ ಮೇಲೆದ್ದವು. ಬೋಲ್ಟ್ ಮುರಿದಿರಲಿಲ್ಲ, ಸುತ್ತಲ ಕಾಂಕ್ರೀಟು ಶಂಕುವಿನ ಆಕಾರದಲ್ಲಿ ಕಿತ್ತುಕೊಂಡು ಬೋಲ್ಟಿಗೆ ಅಂಟಿಕೊಂಡೇ ಬಂದಿತ್ತು. ಮೂರು ಪ್ಯಾನೆಲ್ ಒಡೆದವು, ಒಂದರ ಅಂಚು ಕಾರಿನ ಬಾನೆಟ್ ಮೇಲೆ ಬಿತ್ತು. ಬಾನೆಟ್ 22 ಸಾವಿರ, ಪ್ಯಾನೆಲ್ಲು, ಕ್ರೇನು, ಮತ್ತೆ ವೆಲ್ಡಿಂಗು ಎಲ್ಲ ಸೇರಿ ಲಕ್ಷ ದಾಟಿತು. "ಪ್ರಕೃತಿ ವಿಕೋಪ" ಅಂತ ಕಂಟ್ರಾಕ್ಟರ್ ಫೋನ್ ಇಟ್ಟ. ನಾನಾದ್ರೆ ಶೀಟ್ ಹಾಕಿಸಿ ಅಂತೀನಿ.

ಹಿರಿಯೂರು ಹುಡುಗ: ಅಣ್ಣಾ, ಪ್ಯಾನೆಲ್ ನಡುವೆ ಸಂದು ಬಿಡಿಸಬೇಕಿತ್ತು. ಗಾಳಿ ಸಂದಿನಿಂದ ಹೋಗುತ್ತೆ, ಒತ್ತಡನೇ ಬರಲ್ಲ. ನಮ್ಮದು ಎರಡು ಬೆರಳು ಸಂದು, ಕೆಳಗೆ ಭಾರಿ ಕಬ್ಬಿಣ. ಭಾರ ಇದ್ದರೆ ಯಾವ ಗಾಳಿಗೂ ಹಾರಲ್ಲ.

ಪಿ.ಬಿ. ರೋಡ್ ಫ್ಯಾಬ್ರಿಕೇಟರ್: ಎರಡು ಬೆರಳು ಸಂದಿನಿಂದ ಒತ್ತಡ ಸ್ವಲ್ಪ ತಗ್ಗುತ್ತೆ ತಮ್ಮಾ, ಸುಳ್ಳಲ್ಲ. ಆದರೆ "ಬರಲ್ಲ" ಅಂದ್ರೆ ತಪ್ಪು. ಆ ಸಂದಿನಿಂದ ಮಳೆ ನೀರು ಮಾತ್ರ ಪೂರ್ತಿ ಬರುತ್ತೆ. ಕಾರಿನ ಮೇಲೆ ಗೆರೆ ಎಳೆದ ಹಾಗೆ ಕೊಳೆ ನೀರು ಬೀಳುತ್ತೆ, ಕೆಳಗೆ ಚಾರ್ಜರ್ ಇದ್ದರೆ ಅದೂ ನೆನೆಯುತ್ತೆ. ಕಾರ್ ಶೆಡ್ ಅಂದಮೇಲೆ ಸಂದಿಗೆ ರಬ್ಬರ್ ಗ್ಯಾಸ್ಕೆಟ್ಟು, ಕೆಳಗೆ ಅಲ್ಯುಮಿನಿಯಂ ಕಾಲುವೆ ಕೊಟ್ಟು ಮುಚ್ಚಲೇಬೇಕು.

ಭಾರದ ಮಾತಿಗೆ ದುರ್ಗದವರ ಶೆಡ್ಡನ್ನೇ ಲೆಕ್ಕ ಹಾಕ್ತೀನಿ. 10 ಪ್ಯಾನೆಲ್ ಅಂದ್ರೆ 26 ಚದರ ಮೀಟರ್. ಸೆಕೆಂಡಿಗೆ 33 ಮೀಟರ್ ಗಾಳಿ ಹಿಡಿದರೆ ಒಂದು ಚದರ ಮೀಟರಿಗೆ ಸುಮಾರು 65 ಕೆಜಿ ಒತ್ತಡ. ಇದು ಬಯಲಿನ ಲೆಕ್ಕ, ಗುಡ್ಡದ ಇಳಿಜಾರಲ್ಲಿ ಇನ್ನೂ ಏರುತ್ತೆ. ನಾಲ್ಕೂ ಕಡೆ ತೆರೆದ ಚಾವಣಿಯನ್ನ ಗಾಳಿ ಹೆಚ್ಚುಕಡಿಮೆ ಅಷ್ಟೇ ಬಲದಲ್ಲಿ ಮೇಲಕ್ಕೆ ಎಳೆಯುತ್ತೆ, ಅಂದ್ರೆ ಒಟ್ಟು 1,700 ಕೆಜಿ. ಪ್ಯಾನೆಲ್ 280, ಕಬ್ಬಿಣ 650, ಸೇರಿ 930 ಕೆಜಿ ಕೆಳಕ್ಕೆ. ಉಳಿದ 770 ಕೆಜಿಯನ್ನ ಹಿಡಿಯಬೇಕಾದ್ದು ಬುನಾದಿ.

ಈಗ ನೆಟ್ ಕಟ್ಟಿದ್ದನ್ನ ಸೇರಿಸಿ. ಒಂದು ಪಕ್ಕ ಮುಚ್ಚಿದರೆ ಒಳಗೆ ನುಗ್ಗಿದ ಗಾಳಿಗೆ ಹೊರಗೆ ಹೋಗೋ ದಾರಿ ಇಲ್ಲ, ಕೆಳಗಿಂದಲೂ ನೂಕುತ್ತೆ. ಪೂರ್ತಿ ಅಡ್ಡಗಟ್ಟಿದರೆ ಎಳೆತ ಒಂದೂವರೆ ಪಟ್ಟಿನ ಹತ್ತಿರ ಹೋಗುತ್ತೆ, ಅಂದ್ರೆ 2,550 ಕೆಜಿ. ಶೆಡ್ಡಿನ ತೂಕ ಅದೇ 930. ಬುನಾದಿ ಮೇಲೆ ಬೀಳೋದು 770 ಹೋಗಿ 1,620 ಆಯ್ತು. ಗಾಳಿ ಒಂದೂವರೆ ಪಟ್ಟು, ಬೋಲ್ಟಿನ ಎಳೆತ ಎರಡು ಪಟ್ಟು. ನೆಟ್ಟಲ್ಲಿ ತೂತು ಇರೋದರಿಂದ ಪೂರ್ತಿ ಅಷ್ಟಾಗಲ್ಲ, ಆದರೂ ನಾಲ್ಕು ಇಂಚು ಕಾಂಕ್ರೀಟ್ ತಡೆಯೋ ಮಾತಲ್ಲ. ಕಾಂಪೌಂಡ್ ಗೋಡೆ, ಮನೆ ಗೋಡೆ ಪಕ್ಕಕ್ಕೇ ಇದ್ದರೂ ಇದೇ ಕತೆ.

ದುರ್ಗದವ: ಅಂದ್ರೆ ನೆಟ್ ಕಟ್ಟಿದ್ದು ನನ್ನ ತಪ್ಪು ಅಂತೀರಾ? ಕಾರಿಗೆ ನೆರಳು ಬೇಕು ಅಂತ ತಾನೇ ಶೆಡ್ ಹಾಕಿಸಿದ್ದು! ನೆಟ್ ಕಟ್ಟಬಾರದು ಅಂತ ಹೇಳೋದು ಯಾರ ಕೆಲಸ?

ಪಿ.ಬಿ. ರೋಡ್ ಫ್ಯಾಬ್ರಿಕೇಟರ್: ಕಂಟ್ರಾಕ್ಟರ್ ಕೆಲಸ. ಅದರಲ್ಲಿ ಎರಡು ಮಾತಿಲ್ಲ. ಎರಡು ಅಡಿ ಅಗಲ, ಎರಡು ಅಡಿ ಉದ್ದ, ಮೂರು ಅಡಿ ಆಳದ ಗುಂಡಿಗೆ ಕಾಂಕ್ರೀಟ್ ತುಂಬಿದರೆ ಒಂದೊಂದೇ 800 ಕೆಜಿ ತೂಗುತ್ತೆ. ನಾಲ್ಕು ಗುಂಡಿ ಹಾಕಿ, ಬೋಲ್ಟನ್ನ ಕಾಂಕ್ರೀಟ್ ಸುರಿಯೋ ಮುಂಚೆಯೇ ಕಂಬಿಗೆ ಕಟ್ಟಿ ನಿಲ್ಲಿಸಿದ್ದರೆ ನಿಮ್ಮ ಶೆಡ್ ಇವತ್ತೂ ಇರ್ತಿತ್ತು.

ಎತ್ತರಕ್ಕೆ ಬಂದ್ರೆ, 9 ಅಡಿಗೂ 12 ಅಡಿಗೂ ಗಾಳಿ ವೇಗ ಬೇರೆ ಅಂತ ಲೆಕ್ಕದಲ್ಲಿ ಹಿಡಿಯಲ್ಲ, 10 ಮೀಟರ್ ವರೆಗೂ ಒಂದೇ. ಬದಲಾಗೋದು ಕಂಬದ ಬುಡದ ಬಾಗು. ಪಕ್ಕದಿಂದ ನೂಕೋ ಬಲ ಮೂರು ಅಡಿ ಮೇಲೆ ಹೋದರೆ ಬುಡದಲ್ಲಿ ಮೂರನೇ ಒಂದು ಪಾಲು ಜಾಸ್ತಿ ಬಾಗು. ಹಿಂದೆ ಮಾತ್ರ ಕಂಬ ಇಟ್ಟು ಮುಂದೆ ಚಾಚೋ ಡಿಸೈನ್ ಚೆಂದ ಕಾಣುತ್ತೆ ಅಂತ ಬಹಳ ಜನ ಕೇಳ್ತಾರೆ. ಅದರಲ್ಲಿ ಬುಡದ ಗುಂಡಿ ಇದರ ಎರಡು ಪಟ್ಟಾದರೂ ಬೇಕು. ಅಷ್ಟು ಖರ್ಚು ಮಾಡೋ ಮನಸ್ಸಿಲ್ಲದಿದ್ದರೆ ಕೈ ಹಾಕಬೇಡಿ.

ಹರಿಹರದ ಮೇಷ್ಟ್ರು: ನಾನು 9 ಅಡಿ ಮಾಡಿಸಿದೀನಿ, ಅದೇ ಸರಿ. ಇಲ್ಲಿ ಯಾರೂ ನೆರಳು ಎಲ್ಲಿ ಬೀಳುತ್ತೆ ಅಂತ ಯೋಚಿಸಿಲ್ಲ. ಏಪ್ರಿಲ್ ಮಧ್ಯದಲ್ಲಿ ಸಂಜೆ 4 ಗಂಟೆಗೆ ನಮ್ಮ ಕಡೆ ಸೂರ್ಯ 37 ಡಿಗ್ರಿ ಎತ್ತರದಲ್ಲಿರ್ತಾನೆ. ಕಾರಿನ ತಲೆ ಐದು ಅಡಿ. ಚಾವಣಿ 9 ಅಡಿ ಇದ್ದರೆ ಆ ಮಟ್ಟದಲ್ಲಿ ನೆರಳು ಐದು ಅಡಿ ಪೂರ್ವಕ್ಕೆ ಸರಿದಿರುತ್ತೆ. 12 ಅಡಿ ಇದ್ದರೆ ಒಂಬತ್ತು ಅಡಿ! ಕಾರಿನ ಅಗಲವೇ ಆರು ಅಡಿ. ಅಂದ್ರೆ 12 ಅಡಿ ಶೆಡ್ಡಲ್ಲಿ ಪಶ್ಚಿಮದ ಕಾರು ಪೂರ್ತಿ ಬಿಸಿಲಲ್ಲಿ, ನೆರಳು ಪಕ್ಕದ ಮನೆಯವರ ಅಂಗಳದಲ್ಲಿ. ದುರ್ಗದವರು ನೆಟ್ ಕಟ್ಟೋ ಪರಿಸ್ಥಿತಿ ಬಂದಿದ್ದೇ ಆ ಎತ್ತರದಿಂದ.

ತಗ್ಗಿನ ಕಡೆ ಎಂಟೂವರೆಗಿಂತ ಕೆಳಗೆ ಇಳಿಸಬೇಡಿ, ಹಿಂದಿನ ಡಿಕ್ಕಿ ಬಾಗಿಲು ಎತ್ತಿದಾಗ ಬಡಿಯುತ್ತೆ, ಪ್ಯಾನೆಲ್ ಹಿಂಭಾಗದ ಕಾವೂ ತಲೆಗೆ ಹೊಡೆಯುತ್ತೆ. ನಾನು ಪಶ್ಚಿಮಕ್ಕೆ ಪ್ಯಾನೆಲ್ ಆಚೆ ನಾಲ್ಕು ಅಡಿ ಶೀಟ್ ಚಾಚಿಸಿದೆ. ನೆಟ್ಟೂ ಬೇಡ, ಏನೂ ಬೇಡ.

ಇನ್ನೊಂದು. ನಮ್ಮದು ಎರೆ ನೆಲ. ಮೂರು ಅಡಿ ಗುಂಡಿ ಅಂತ ಫ್ಯಾಬ್ರಿಕೇಟರ್ ಹೇಳಿದ್ದು ಇಲ್ಲಿ ನಡೆಯಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆಗಾಲದಲ್ಲಿ ಉಬ್ಬಿ ಕಂಬ ಎತ್ತುತ್ತೆ. ಐದೂವರೆ ಅಡಿಗೆ ಮೊರಂ ಸಿಕ್ಕಿತು, ಅಲ್ಲಿಂದ ಎಬ್ಬಿಸಿ ನಾಲ್ಕು ಕಂಬಕ್ಕೂ ಅಡಿಯಲ್ಲಿ ಬೀಮ್ ಕಟ್ಟಿಸಿದೆ. ಬುನಾದಿಗೇ 48 ಸಾವಿರ ಹೋಯ್ತು. ಎದುರು ಮನೆಯವರು ಆ ದುಡ್ಡು ಉಳಿಸಿದರು. ಅವರ ಒಂದು ಕಂಬ ಈಗ ಎರಡು ಇಂಚು ಮೇಲೆದ್ದು, ಚೌಕಟ್ಟು ತಿರುಚಿ, ಎರಡು ಪ್ಯಾನೆಲ್ ಗಾಜಿನಲ್ಲಿ ಬಿರುಕು.

ಪಿ.ಬಿ. ರೋಡ್ ಫ್ಯಾಬ್ರಿಕೇಟರ್: ಎರೆ ನೆಲದ ಮಾತು ಒಪ್ಪಿದೆ ಮೇಷ್ಟ್ರೆ. ಆದರೆ ನಾಲ್ಕು ಅಡಿ ಶೀಟ್ ಚಾಚಿಸಿದ್ದು ಒಪ್ಪಲ್ಲ. ಚಾವಣಿಯ ಅಂಚಲ್ಲೇ ಗಾಳಿಯ ಎಳೆತ ಹೆಚ್ಚು, ನೀವು ಗಾಳಿ ಬರೋ ದಿಕ್ಕಿಗೇ ಅಂಚು ಉದ್ದ ಮಾಡಿದೀರಿ. ಶೀಟಿನ ಸ್ಕ್ರೂ ಸುತ್ತ ತೂತು ಅಗಲ ಆಗಿದೆಯಾ ನೋಡಿ.

ಹರಿಹರದ ಮೇಷ್ಟ್ರು: ಮೂರು ಬೇಸಿಗೆ ಕಂಡಿದೆ. ಏನೂ ಆಗಿಲ್ಲ. ಕೆಳಗಿಂದ ಓರೆ ಆಸರೆ ಕೊಟ್ಟಿದೆ. ನೋಡದೆ ತೀರ್ಪು ಕೊಡಬೇಡಿ.

ಎಂಸಿಸಿ ಬಿ ಬ್ಲಾಕ್: ಇಷ್ಟೆಲ್ಲ ತಲೆನೋವು ಯಾಕೆ? ಗೃಹಜ್ಯೋತಿಯಲ್ಲಿ ಕರೆಂಟ್ ಪುಕ್ಕಟೆ ಇದೆಯಲ್ಲ. ನಾನು ಸೋಲಾರ್ ಬೇಡ ಅಂದೆ, ಆ ದುಡ್ಡಲ್ಲಿ ಬೋರ್ ಹೊಡೆಸಿದೆ.

ಹಿರಿಯೂರು ಹುಡುಗ: ಬೋರ್ ಸುದ್ದಿ ಯಾರು ಕೇಳಿದ್ರು ಸಾರ್? ದಿನಕ್ಕೆ 40 ಕಿಲೋಮೀಟರ್ ಓಡಿಸಿದರೆ ನನ್ನ ಕಾರು ಆರೂವರೆ ಯೂನಿಟ್ ಕುಡಿಯುತ್ತೆ, ತಿಂಗಳಿಗೆ 195. ಮನೆ ಬಳಕೆ ಸೇರಿ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಕಾರು ತಂದ ತಿಂಗಳೇ ನನಗೆ ಬಂತು.

ಎಂಸಿಸಿ ಬಿ ಬ್ಲಾಕ್: ನನ್ನ ಹತ್ತಿರ ಪೆಟ್ರೋಲ್ ಕಾರು. ನನಗೆ ಲಾಭವೇ.

ಹಿರಿಯೂರು ಹುಡುಗ: ಹಾಗಾದ್ರೆ ಚಾರ್ಜಿಂಗ್ ವಿಷಯಕ್ಕೆ ಯಾಕೆ ಬಂದ್ರಿ? ಪ್ರಶ್ನೆ ಕೇಳಿದವರಿಗೆ ಹೇಳ್ತೀನಿ ಕೇಳಿ. ಮೇಲೆ ಪ್ಯಾನೆಲ್, ಕೆಳಗೆ ಕಾರು ಇದ್ದ ಮಾತ್ರಕ್ಕೆ ನೇರ ತುಂಬಲ್ಲ. ಹಗಲು ನೀವು ಕಾರು ತಗೊಂಡು ಆಫೀಸಿಗೆ ಹೋಗಿರ್ತೀರಿ. ಕರೆಂಟ್ ಬೆಸ್ಕಾಂ ಲೈನಿಗೆ ಹೋಗುತ್ತೆ, ರಾತ್ರಿ ವಾಪಸ್ ತಗೋತೀರಿ, ನೆಟ್ ಮೀಟರಲ್ಲಿ ಲೆಕ್ಕ. ಲೈನ್ ಹೋದರೆ ಸಾಮಾನ್ಯ ಇನ್ವರ್ಟರ್ ಕೂಡಲೇ ಆಫ್ ಆಗುತ್ತೆ, ಮಟಮಟ ಮಧ್ಯಾಹ್ನದ ಬಿಸಿಲಲ್ಲೂ ಕಾರಿಗೆ ಒಂದು ಯೂನಿಟ್ ಸಿಗಲ್ಲ. ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರ್ತಾರೆ. ಅದು ಬೇಡ ಅಂದ್ರೆ ಹೈಬ್ರಿಡ್ಡು, ಬ್ಯಾಟರಿ, ಇನ್ನೊಂದೂವರೆ ಲಕ್ಷ.

ನನಗೆ ಹೊಟ್ಟೆ ಉರಿಸಿದ್ದು ಅರ್ಥಿಂಗ್. ಕಾರಿನ ಜೊತೆ ಕೊಟ್ಟ ಚಾರ್ಜರ್ ಹಾಕಿದರೆ ಕೆಂಪು ದೀಪ. ಶೋರೂಮಿನವರು ಚಾರ್ಜರ್ ಕೆಟ್ಟಿದೆ ಅಂದ್ರು, ಹೊಸದು ಬಂತು, ಮತ್ತೆ ಕೆಂಪು. ಕೊನೆಗೆ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಬಂದು ನ್ಯೂಟ್ರಲ್‌ಗೂ ಅರ್ಥ್‌ಗೂ ಮಧ್ಯೆ ಮೀಟರ್ ಇಟ್ಟರು, 11 ವೋಲ್ಟ್ ತೋರಿಸಿತು. ನಮ್ಮ ನೆಲ ಕಲ್ಲು, ಬೇಸಿಗೆಯಲ್ಲಿ ತೇವ ಅನ್ನೋದೇ ಇಲ್ಲ. ಹಳೆ ಅರ್ಥ್ ಗುಂಡಿಯ ಪೈಪು ಉಪ್ಪಿಗೆ ತಿಂದುಹೋಗಿತ್ತು. ಬೇರೆ ಜಾಗದಲ್ಲಿ ಉದ್ದದ ರಾಡ್ ಇಳಿಸಿ ಬೆಂಟೊನೈಟ್ ತುಂಬಿಸಿದ ಮೇಲೆ 2 ವೋಲ್ಟಿಗೆ ಇಳಿಯಿತು, ಹಸಿರು ದೀಪ ಬಂತು.

ದುರ್ಗದವ: ಇಷ್ಟಾದ ಮೇಲೂ ಶೀಟ್ ಬೇಡ ಅಂತೀರಾ ಎಲ್ಲರೂ?

ಪಿ.ಬಿ. ರೋಡ್ ಫ್ಯಾಬ್ರಿಕೇಟರ್: ಶೀಟ್ ಆದರೂ ಅದೇ ಬುನಾದಿ ಬೇಕು ಸಾರ್. ಶೀಟ್ ಪ್ಯಾನೆಲ್ಲಿಗಿಂತ ಹಗುರ, ಗಾಳಿಗೆ ಇನ್ನೂ ಬೇಗ ಏಳುತ್ತೆ.

ವಿದ್ಯಾನಗರ ದಾವಣಗೆರೆ: ಎಲ್ಲರಿಗೂ ಧನ್ಯವಾದ. ನಮ್ಮ ಅಂಗಳದಲ್ಲೂ ಎರಡು ಅಡಿಗೇ ಕಪ್ಪು ಮಣ್ಣು ಸಿಕ್ತು. ಮೇಷ್ಟ್ರೆ, ಐದೂವರೆ ಅಡಿ ತೋಡಿದವರ ನಂಬರ್ ಮೆಸೇಜ್ ಮಾಡ್ತೀರಾ?

ಹರಿಹರದ ಮೇಷ್ಟ್ರು: ಮಾಡ್ತೀನಿ. ಕಾಂಕ್ರೀಟ್ ಹಾಕೋ ದಿನ ಮನೆಯಲ್ಲೇ ಇರಿ.