ಸಹಾಯ ಬೇಕು: ಮೂಟೆ ಹೊತ್ತು ನಡೆದರೂ ‘ಕೆಲಸ’ ಸೊನ್ನೆ, ತೋರಿಸೋದು ಹೇಗೆ?

9ನೇ ತರಗತಿಗೆ ದಾವಣಗೆರೆ ಎಪಿಎಂಸಿ ಹಮಾಲರ ಉದಾಹರಣೆ ತಗೊಂಡಿದ್ದೇನೆ. 50 ಕೆಜಿ ಮೆಕ್ಕೆಜೋಳದ ಚೀಲವನ್ನು 1.5 ಮೀಟರ್ ಎತ್ತಿದರೆ ಕೆಲಸ 50 × 9.8 × 1.5 = 735 ಜೂಲ್. ಇಲ್ಲಿಯವರೆಗೆ ತಕರಾರಿಲ್ಲ.

ಅದೇ ಚೀಲ ಹೊತ್ತು ಸಮತಟ್ಟು ನೆಲದಲ್ಲಿ ಒಂದೇ ವೇಗದಲ್ಲಿ ನಡೆದರೆ ಬಲ ಮೇಲಕ್ಕೆ, ಚಲನೆ ಅಡ್ಡಕ್ಕೆ. ಚೀಲದ ಮೇಲಾದ ಕೆಲಸ ಸೊನ್ನೆ. “ಹಂಗಾದ್ರೆ ಬೆವರು ಯಾಕೆ ಸರ್?” ಅಂತಾರೆ, ನ್ಯಾಯವಾದ ಪ್ರಶ್ನೆಯೇ. ಸ್ನಾಯುವಿನ ಎಳೆಗಳು ಬಿಗಿಯಾಗೇ ಇರಲು ಶಕ್ತಿ ಖರ್ಚಾಗಿ ಶಾಖವಾಗುತ್ತದೆ, ಚೀಲಕ್ಕೆ ಸೇರುವುದಿಲ್ಲ.

ಟ್ರಾಲಿಯ ಮೇಲಿನ ಸ್ಟ್ಯಾಂಡಿಗೆ ಸ್ಪ್ರಿಂಗ್ ತಕ್ಕಡಿಯಲ್ಲಿ 1 ಕೆಜಿ ತೂಗುಹಾಕಿ, ಇನ್ನೊಂದು ತಕ್ಕಡಿಯಿಂದ ಅಡ್ಡಕ್ಕೆ ಎಳೆಯುತ್ತಿದ್ದೇನೆ. ಹೊರಡುವಾಗ ತೂಕ ಓಲಾಡಿ, ಚಕ್ರದ ಘರ್ಷಣೆಯೂ ಸೇರಿ ಎಳೆತ ಹೆಚ್ಚು ತೋರಿಸುತ್ತದೆ. ಮಕ್ಕಳು ಅದನ್ನೇ ಹೊರುವ ಕೆಲಸ ಅಂದುಕೊಳ್ಳುತ್ತಾರೆ. ಓಲಾಟ ತಡೆಯಲು, ಘರ್ಷಣೆ ತಗ್ಗಿಸಲು ಅಗ್ಗದ ಉಪಾಯ ಗೊತ್ತಿದ್ದವರು ತಿಳಿಸಿ.