ಪದಚರ್ಚೆ: ವಿಡಿಯೊ ಮುಖಚಿತ್ರಕ್ಕೆ ‘ಕಾಂಡಕೊರಕ’ವೋ ‘ಬೋರರ್’ ಸಾಕೋ?

ಸೋಮವಾರಪೇಟೆಯಿಂದ

ಎಲ್ಲರಿಗೂ ನಮಸ್ಕಾರ. ಅರೇಬಿಕಾ ತೋಟಗಳ ಬಿಳಿ ಕಾಂಡಕೊರಕದ ಬಗ್ಗೆ ಯೂಟ್ಯೂಬಿಗೆ ಒಂದು ವಿಡಿಯೊ ತಯಾರಾಗಿದೆ. ನಾಳೆ ಬೆಳಿಗ್ಗೆ ಹಾಕಬೇಕು. ಮುಖಚಿತ್ರದ ಮೇಲೆ ‘ಅರೇಬಿಕಾ ಕಾಫಿ ಗಿಡದಲ್ಲಿ ಬಿಳಿ ಕಾಂಡಕೊರಕದ ಸಂಪೂರ್ಣ ನಿಯಂತ್ರಣ ಕ್ರಮಗಳು’ ಅಂತ ಮೂರು ಸಾಲು ಬರೆಸಿದ್ದೆವು. ಫೋನಿನಲ್ಲಿ ಒಂದಕ್ಷರವೂ ಓದಲಾಗುವುದಿಲ್ಲ. ಕಿರಿದು ಮಾಡಿಕೊಡಿ. ತೋಟದವರೆಲ್ಲ ‘ಬೋರರ್’ ಅಂತಲೇ ಹೇಳುವುದು. ಅದನ್ನೇ ಬರೆದರೆ ತಪ್ಪೇ? ಚಿತ್ರದಲ್ಲಿ ಕಾಂಡದ ಮೇಲಿನ ಉಬ್ಬು ಗೆರೆಗಳು ಚೆನ್ನಾಗಿ ಕಾಣುತ್ತವೆ.

ವಿರಾಜಪೇಟೆಯಿಂದ

ಎರಡೂ ಬೇಡ. ‘ಬೋರರ್’ ಇಂಗ್ಲಿಷ್. ‘ಕಾಂಡಕೊರಕ’ ಅರಿಸಮಾಸ: ಕಾಂಡ ಸಂಸ್ಕೃತ, ಕೊರೆ ಕನ್ನಡ, ಅದಕ್ಕೆ ಅಂಟಿಸಿದ ‘ಕ’ ಮತ್ತೆ ಸಂಸ್ಕೃತದ್ದು. ‘ಕೊರೆಹುಳು’ ಎನ್ನಿ. ಹಳಗನ್ನಡದ ಪುೞು ಹುಳುವಾಗಿ ಇಂದಿಗೂ ಬದುಕಿದೆ. ಇಷ್ಟು ಸರಳವಾದ ಪದ ಕೈಯಲ್ಲಿರುವಾಗ ಚರ್ಚೆ ಯಾಕೆ?

ಕುಶಾಲನಗರದಿಂದ

ಸರ್, ಕೊರೆಹುಳು ಯಾವುದು? ಕಾಫಿಯಲ್ಲಿ ಕಾಯಿ ಕೊರೆಯುವುದು ಬೇರೆ, ರೋಬಸ್ಟಾದ ರೆಂಬೆ ಕೊರೆಯುವುದು ಬೇರೆ, ಅರೇಬಿಕಾದ ಕಾಂಡ ಕೊರೆಯುವುದು ಬೇರೆ. ‘ಬೋರರ್’ ಎಂಬುದಕ್ಕೂ ಇದೇ ತೊಂದರೆ. ರೋಬಸ್ಟಾ ಬೆಳೆಗಾರರು ಕಾಯಿಯ ಬೋರರ್ ಅಂದುಕೊಂಡು ಒತ್ತುತ್ತಾರೆ, ಅರ್ಧ ನಿಮಿಷಕ್ಕೆ ಹೊರಗೆ ಹೋಗುತ್ತಾರೆ. ‘ಕಾಂಡ’ ಉಳಿಯಲೇಬೇಕು.

ಇನ್ನು ‘ಕ’ ಸಂಸ್ಕೃತದ್ದು ಅನ್ನುವುದು ತಪ್ಪು. ಕುಡಿಯಿಂದ ಕುಡುಕ, ತಿರಿಯಿಂದ ತಿರುಕ ಆದಂತೆ ಕೊರೆಯಿಂದ ಕೊರಕ. ಅರಿಸಮಾಸ ಅಂತ ಬಿಡುವುದಾದರೆ ‘ಮಳೆಗಾಲ’ವನ್ನೂ ಬಿಡಬೇಕಾಗುತ್ತದೆ.

ಮುಖಚಿತ್ರದ ದೃಷ್ಟಿಯಿಂದಲೂ ‘ಕಾಂಡಕೊರಕ’ ಒಳ್ಳೆಯ ಪದ. ಅದರಲ್ಲಿ ಒಂದೂ ಒತ್ತಕ್ಷರವಿಲ್ಲ, ಮಹಾಪ್ರಾಣವಿಲ್ಲ. ‘ನಿಯಂತ್ರಣ’ದಲ್ಲಿ ತ್ರ ಕೆಳಗೆ ಇಳಿಯುತ್ತದೆ, ‘ಸಂಪೂರ್ಣ’ದಲ್ಲಿ ಅರ್ಕಾವೊತ್ತು ಪಕ್ಕದಲ್ಲಿ ಜಾಗ ತಿನ್ನುತ್ತದೆ. ‘ನಿಯಂತ್ರಣ ಕ್ರಮಗಳು’ ಎಂಬುದರ ಕೆಲಸವನ್ನು ‘ತಡೆ’ ಎರಡೇ ಅಕ್ಷರದಲ್ಲಿ ಮಾಡುತ್ತದೆ.

ಮಡಿಕೇರಿಯಿಂದ

ಪದ ಯಾವುದಾದರೇನು, ಅಕ್ಷರ ದಪ್ಪ ಇರಬೇಕು. ಇರುವುದರಲ್ಲಿ ಅತಿ ದಪ್ಪ ಫಾಂಟ್ ತೆಗೆದುಕೊಂಡು ಸುತ್ತ ಕಪ್ಪು ಅಂಚು ಜೋರಾಗಿ ಕೊಡಿ, ಮುಗೀತು. ಹಾಗೆಯೇ ‘ಕಾಫಿ’ಯನ್ನು ‘ಕಾಪಿ’ ಅಂತ ಬರೆಯಿರಿ. ಸಣ್ಣ ಪರದೆಯಲ್ಲಿ ಫ ಕಾಣುವುದೇ ಇಲ್ಲ. ಮಹಾಪ್ರಾಣ ಬಿಡಿ ಅಂತ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರೂ ಹೇಳಿದ್ದಾರಲ್ಲ.

ಗೋಣಿಕೊಪ್ಪದಿಂದ

ನಮ್ಮ ಹೋಂಸ್ಟೇ ಬೋರ್ಡಿನಲ್ಲಿ ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್ ಹಾಕಿಸಿದ್ದೇವೆ, ಇಪ್ಪತ್ತು ಅಡಿ ದೂರಕ್ಕೂ ಕಾಣುತ್ತದೆ. ನೀವೂ ಫ್ಲೆಕ್ಸ್‌ನವರಿಗೆ ಹಾಗೇ ಹೇಳಿ. ಎರಡು ಭಾಷೆ ಇದ್ದರೆ ಎಲ್ಲರಿಗೂ ಅನುಕೂಲ.

ಕುಶಾಲನಗರದಿಂದ

ಗೋಣಿಕೊಪ್ಪದವರೇ, ಇದು ಬೋರ್ಡ್ ಅಲ್ಲ, ಹೆಬ್ಬೆರಳಿನಷ್ಟು ಚಿತ್ರ. ಎರಡನೇ ಭಾಷೆಗೆ ಇಲ್ಲಿ ಜಾಗವಿಲ್ಲ.

ಮಡಿಕೇರಿಯವರ ಮಾತು ಅರ್ಧ ಸರಿ. ಫ ಕಾಣುವುದಿಲ್ಲ ಎಂಬುದು ನಿಜ. ಚಿತ್ರವನ್ನು 1280×720 ಪಿಕ್ಸೆಲ್‌ನಲ್ಲಿ ಮಾಡುತ್ತೇವೆ. ಫೋನಿನ ಪಟ್ಟಿಯಲ್ಲಿ ಬರುವ ಸಣ್ಣ ಚಿತ್ರಕ್ಕೆ ಅಗಲ 160 ಅಂತ ಹಿಡಿದು ನೋಡಿದರೆ ಎಲ್ಲವೂ ಎಂಟನೇ ಒಂದಾಗುತ್ತದೆ. ‘ಕ’ ಅಕ್ಷರದ ಮೈ 120 ಪಿಕ್ಸೆಲ್ ಎತ್ತರವಿದ್ದರೆ ಅಲ್ಲಿ 15 ಉಳಿಯುತ್ತದೆ, ಓದಬಹುದು. ಆದರೆ ಮಹಾಪ್ರಾಣದ ಸೀಳು 8 ಪಿಕ್ಸೆಲ್ ಇದ್ದರೆ ಒಂದಕ್ಕೆ ಇಳಿದು ಮಸುಕಾಗಿ ಹೋಗುತ್ತದೆ. ಅದಕ್ಕೆ ಪರಿಹಾರ ಕಾಗುಣಿತ ಬದಲಿಸುವುದಲ್ಲ, ಆ ಪದವನ್ನೇ ಚಿತ್ರದಿಂದ ತೆಗೆಯುವುದು. ಗಿಡ ಕಾಣುತ್ತಿರುವಾಗ ‘ಕಾಫಿ’ ಅಂತ ಬರೆಯುವ ಅಗತ್ಯವಿಲ್ಲ. ಅದು, ‘ಅರೇಬಿಕಾ’ ಎರಡೂ ಕೆಳಗಿನ ಶೀರ್ಷಿಕೆಯಲ್ಲಿರಲಿ.

ಅತಿ ದಪ್ಪ ಫಾಂಟ್ ಮಾತ್ರ ಬೇಡ. ಕನ್ನಡ ಅಕ್ಷರದ ಹೊಟ್ಟೆಯೊಳಗಿನ ಬಯಲೇ ಓದಿಗೆ ಆಧಾರ. ದಪ್ಪ ಹೆಚ್ಚಾದಂತೆ ಡ, ರ, ಕ ಒಳಗಿನಿಂದ ಮುಚ್ಚಿಕೊಂಡು ಮುದ್ದೆಯಾಗುತ್ತವೆ. ಬೋಲ್ಡ್ ಸಾಕು. ಅನೆಕ್ ಕನ್ನಡ, ನೋಟೊ ಸ್ಯಾನ್ಸ್ ಕನ್ನಡ ಎರಡರಲ್ಲೂ ಆ ತೂಕ ಸಿಗುತ್ತದೆ.

ಕಪ್ಪು ಅಂಚಿನಲ್ಲೂ ಒಂದು ಎಡವಟ್ಟು ಇದೆ. ಹಲವು ತಂತ್ರಾಂಶಗಳು ಅಂಚನ್ನು ಅಕ್ಷರದ ಗೆರೆಯ ನಡುವೆ ಕೂರಿಸುತ್ತವೆ. 20 ಪಿಕ್ಸೆಲ್ ಅಂಚು ಕೊಟ್ಟರೆ ಹತ್ತು ಹೊರಗೆ ಹೋಗುತ್ತದೆ, ಹತ್ತು ಅಕ್ಷರವನ್ನೇ ತಿನ್ನುತ್ತದೆ. ಇನ್ನು ಕೆಲವು ಫಾಂಟ್‌ಗಳಲ್ಲಿ ‘ಕೊ’ದ ಗುಣಿತದ ಭಾಗ ಮೂಲಾಕ್ಷರದ ಮೇಲೆ ಹತ್ತಿ ಕೂತಿರುತ್ತದೆ. ಅಂಚು ಹಾಕಿದೊಡನೆ ಆ ಕೂಡುವಲ್ಲಿ ಅಕ್ಷರದ ಒಳಗೇ ಕಪ್ಪು ಗೆರೆ ಮೂಡುತ್ತದೆ. ಎರಡಕ್ಕೂ ಮದ್ದು ಒಂದೇ: ಪದವನ್ನು ನಕಲು ಮಾಡಿ, ಕೆಳಗಿನ ಪ್ರತಿಗೆ ಮಾತ್ರ ಅಂಚು ಕೊಡಿ, ಅಂಚಿಲ್ಲದ ಬಿಳಿ ಪ್ರತಿಯನ್ನು ಸರಿಯಾಗಿ ಅದರ ಮೇಲೆ ಕೂರಿಸಿ.

ಈಗ ನಿಮ್ಮ ಚಿತ್ರ. ಉಬ್ಬು ಗೆರೆಯಿರುವ ಕಾಂಡ ಬಲಕ್ಕೆ ಬರಲಿ, ಬರಹ ಎಡಕ್ಕೆ. ಮೇಲಿನ ಸಾಲು ‘ಕಾಂಡಕೊರಕ’, ಕೆಳಗೆ ಸ್ವಲ್ಪ ಸಣ್ಣದಾಗಿ ‘ಉಬ್ಬು ಗೆರೆ ನೋಡಿ’. ಈ ಕ್ರಮವನ್ನು ತಿರುಗಿಸಬೇಡಿ. ‘ಉಬ್ಬು’ ಮೇಲೆ ಬಂದರೆ ಬ್ಬು ಒತ್ತು ಇಳಿದು ‘ಕಾಂಡ’ದ ತಲೆಕಟ್ಟಿಗೆ ತಾಗುತ್ತದೆ, ಸಾಲುಗಳ ಅಂತರ ಹೆಚ್ಚಿಸಬೇಕಾಗುತ್ತದೆ, ಅಕ್ಷರ ಚಿಕ್ಕದಾಗುತ್ತದೆ. ಒತ್ತಿಲ್ಲದ ಸಾಲು ಮೇಲಿದ್ದರೆ ಎರಡನ್ನೂ ಹತ್ತಿರ ತರಬಹುದು. ಕೆಳಗಿನ ಅಂಚಿನಿಂದ ಒತ್ತಿಗೆ 70 ಪಿಕ್ಸೆಲ್‌ನಷ್ಟು ಜಾಗ ಬಿಡಿ, ಅರ್ಧ ನೋಡಿ ಬಿಟ್ಟವರಿಗೆ ಅಲ್ಲಿ ಕೆಂಪು ಪಟ್ಟಿ ಬರುತ್ತದೆ. ಬಲಗಡೆಯ ಕೆಳಮೂಲೆಯಲ್ಲಿ ವಿಡಿಯೊದ ಅವಧಿ ಕೂರುತ್ತದೆ, ಗೆರೆಯ ಮುಖ್ಯ ಭಾಗ ಅಲ್ಲಿರಬಾರದು.

ಸೋಮವಾರಪೇಟೆಯಿಂದ

ತುಂಬಾ ಉಪಕಾರವಾಯಿತು ಸರ್. ಮಾಡಿ ನೋಡಿದೆವು. ‘ಕಾಂಡಕೊರಕ’ ಚೆನ್ನಾಗಿ ಬಂತು. ‘ಉಬ್ಬು’ ಮಾತ್ರ ಫೋಟೋಶಾಪ್‌ನಲ್ಲಿ ‘ಉಬ್‌ಬು’ ಅಂತ ಬಿಡಿಬಿಡಿಯಾಗಿ ಬರುತ್ತಿದೆ. ಫಾಂಟ್ ಬದಲಿಸಿದರೂ ಅದೇ.

ಕುಶಾಲನಗರದಿಂದ

ಅದು ಫಾಂಟಿನ ದೋಷವಲ್ಲ. ಟೈಪ್ ಆಯ್ಕೆಗಳಲ್ಲಿ `World-Ready Layout` ಆರಿಸಿ, ಆ ಪದವನ್ನು ಹೊಸ ಪಠ್ಯಪದರದಲ್ಲಿ ಮತ್ತೆ ಟೈಪ್ ಮಾಡಿ. ಹಳೆಯ ನುಡಿ ತಂತ್ರಾಂಶದ ಆಸ್ಕಿ ಬರಹವನ್ನು ತಂದು ಅಂಟಿಸಬೇಡಿ, ಯೂನಿಕೋಡಿನಲ್ಲೇ ಟೈಪ್ ಮಾಡಬೇಕು. ಮುಗಿದ ಮೇಲೆ ಚಿತ್ರವನ್ನು 160 ಅಗಲಕ್ಕೆ ಇಳಿಸಿ, ವಿಡಿಯೊ ವಿಷಯ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ನಮಗೆ ಪದ ಮೊದಲೇ ಗೊತ್ತಿರುವುದರಿಂದ ಮಸುಕಾದರೂ ಓದಿಬಿಡುತ್ತೇವೆ.

ವಿರಾಜಪೇಟೆಯಿಂದ

ಕುಡುಕ, ತಿರುಕ ಒಪ್ಪಿದೆ. ಅರಿಸಮಾಸ ಒಪ್ಪುವುದಿಲ್ಲ. ‘ಮಳೆಗಾಲ’ ಜನರ ಬಾಯಲ್ಲಿ ಬೆಳೆದ ಪದ, ‘ಕಾಂಡಕೊರಕ’ ಕರಪತ್ರದಲ್ಲಿ ಹುಟ್ಟಿದ್ದು. ಬೊಡ್ಡೆ ಎಂಬ ಕನ್ನಡದ ಮಾತು ಇದೆ. ‘ಬೊಡ್ಡೆಕೊರಕ’ ಎನ್ನಿ. ಮತ್ತು ‘ಉಬ್ಬು ಗೆರೆ’ಗೆ ‘ಏಣು’ ಸಾಕು, ನಿಮ್ಮ ಒತ್ತಿನ ತಕರಾರೂ ತೀರುತ್ತದೆ.

ಕುಶಾಲನಗರದಿಂದ

ಬೊಡ್ಡೆಯಲ್ಲಿ ಒತ್ತು ಬಂತಲ್ಲ ಸರ್. ಅದೂ ಅಲ್ಲದೆ ಬೊಡ್ಡೆ ಅಂದರೆ ಬುಡದ ಕಡೆ ಮಾತ್ರ ನೋಡುತ್ತಾರೆ. ಈ ಹುಳು ಮುಖ್ಯ ಕಾಂಡದಲ್ಲೂ ದಪ್ಪ ರೆಂಬೆಯಲ್ಲೂ ಇರುತ್ತದೆ. ಏಣು ಚೆಂದದ ಪದ. ಆದರೆ ಮುಖಚಿತ್ರ ನೋಡುವುದು ಒಂದು ಕ್ಷಣ, ಅಷ್ಟರಲ್ಲಿ ಹೊಸ ಪದ ಕಲಿಸಲು ಆಗುವುದಿಲ್ಲ. ವಿಡಿಯೊದ ಮಾತಿನಲ್ಲಿ ಬಳಸಲಿ.

ಮಡಿಕೇರಿಯಿಂದ

ಹಾಗಾದರೆ ಶೀರ್ಷಿಕೆಯಲ್ಲಾದರೂ ‘ಬೋರರ್’ ಇರಲಿ. ಬೆಳೆಗಾರರು ಹುಡುಕುವಾಗ ಟೈಪ್ ಮಾಡುವುದು ಅದನ್ನೇ.

ಸೋಮವಾರಪೇಟೆಯಿಂದ

ಶೀರ್ಷಿಕೆ: ‘ಅರೇಬಿಕಾ ಕಾಫಿ ಕಾಂಡಕೊರಕ (ಬೋರರ್): ಗುರುತಿಸುವುದು, ತಡೆಯುವುದು’. ಚಿತ್ರದಲ್ಲಿ ಬೋರರ್ ಇಲ್ಲ. ಈ ಹುಳು ದುಂಬಿಯಾಗಿ ಹಾರುವ ಕಾಲಕ್ಕೆ ಮೊದಲು ಜನ ಗಿಡ ನೋಡಬೇಕು, ಆದ್ದರಿಂದ ನಾಳೆಯೇ ಹಾಕುತ್ತೇವೆ.

ವಿರಾಜಪೇಟೆಯಿಂದ

ಆವರಣದೊಳಗೆ ಹಾಕಿದರೂ ಎರವಲು ಎರವಲೇ. ನನ್ನ ಆಕ್ಷೇಪ ದಾಖಲಾಗಲಿ.

ಮಡಿಕೇರಿಯಿಂದ

‘ಕಾಫಿ’ಯೂ ಎರವಲೇ ಸರ್. ಅದಕ್ಕೂ ಆಕ್ಷೇಪ ಇದ್ದರೆ ಪದ ಹೇಳಿ.