2,400 ಬಿಲ್ ನೋಡಿದ್ದೇನೆ, ಆದರೂ ಸ್ವಯಂ ಮೌಲ್ಯಮಾಪನ ವಾಪಸು ಬಂದಿದೆ

ಸುಮಾ: ನಾನು ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ‘ವರ್ಷವಿಡೀ ತಡರಾತ್ರಿಯವರೆಗೆ ಕುಳಿತು 2,400 ಬಿಲ್ ಪರಿಶೀಲಿಸಿದೆ’ ಎಂದು ಬರೆದಿದ್ದೆ. ‘ಇದರಿಂದ ಆದದ್ದೇನು?’ ಎಂದು ಕೇಳಿ ಮೇಲಧಿಕಾರಿ ವಾಪಸು ಕಳುಹಿಸಿದ್ದಾರೆ. ಏನು ಬರೆಯಲಿ?

ರಘು: ಅಂಕಿಗಳು ಸಾಲದಾಗಿವೆ. ಎಷ್ಟು ಗಂಟೆ ಹೆಚ್ಚುವರಿ ದುಡಿದಿರಿ, ಎಷ್ಟು ಸಭೆಗಳಲ್ಲಿ ಕುಳಿತಿರಿ, ಎಲ್ಲವನ್ನೂ ಸೇರಿಸಿ.

ವಸುಧಾ: ರಘು ಅವರೇ, 2,400 ಕೂಡ ಅಂಕಿಯೇ. ಆದರೆ ಅದು ಮೇಜಿಗೆ ಬಂದು ಬಿದ್ದ ಕೆಲಸದ ಲೆಕ್ಕ. ಆ ಕುರ್ಚಿಯಲ್ಲಿ ಯಾರಿದ್ದರೂ ಅಷ್ಟೇ ಬರುತ್ತಿತ್ತು. ಸುಮಾ, ತಪ್ಪಿಗಾಗಿ ಹಿಂದಿರುಗಿಸಿದ ಬಿಲ್‌ಗಳು ಎಷ್ಟು? ವರ್ಷದ ನಡುವೆ ಅದು ಬದಲಾಯಿತೇ?

ಸುಮಾ: ತಿಂಗಳಿಗೆ ಬರುವ 200ರಲ್ಲಿ ಮೊದಲು ಸುಮಾರು 30 ಹಿಂದಿರುಗುತ್ತಿದ್ದವು. ಬಹುಪಾಲು ಬಿಲ್‌ಗಳಲ್ಲಿ ಖರೀದಿ ಆದೇಶದ ಸಂಖ್ಯೆಯೇ ಇರುತ್ತಿರಲಿಲ್ಲ. ಜುಲೈ ಆರಂಭದಲ್ಲಿ ಪೂರೈಕೆದಾರರಿಗೆಲ್ಲ ಒಂದು ಪುಟದ ಮಾದರಿ ಬಿಲ್ ಕಳುಹಿಸಿದೆ. ಈಗ 12ಕ್ಕೆ ಇಳಿದಿದೆ. ಅದು ಅರ್ಧ ದಿನದ ಕೆಲಸ, ಹಾಗಾಗಿ ಬರೆಯಲೇ ಇಲ್ಲ.

ರಘು: ಶೇ. 60 ಇಳಿಕೆ! ಅದನ್ನೇ ಹಾಕಿ.

ವಸುಧಾ: ಸ್ವಲ್ಪ ತಾಳಿ. ಜುಲೈ ನಂತರ ಬೇರೇನಾದರೂ ಬದಲಾಯಿತೇ?

ಸುಮಾ: ಸೆಪ್ಟೆಂಬರ್‌ನಲ್ಲಿ ಹೊಸ ತಂತ್ರಾಂಶ ಬಂತು. ಆದೇಶ ಸಂಖ್ಯೆ ತುಂಬದಿದ್ದರೆ ಅದು ಬಿಲ್ಲನ್ನೇ ತೆಗೆದುಕೊಳ್ಳುವುದಿಲ್ಲ. ಆಗಸ್ಟ್‌ನಲ್ಲಿ ಹಿಂದಿರುಗಿದವು 18.

ವಸುಧಾ: ಹಾಗಾದರೆ ನಿಮ್ಮ ಮಾತು 18ಕ್ಕೆ ನಿಲ್ಲಲಿ. ಹೀಗೆ ಬರೆಯಿರಿ: ‘ಜುಲೈನಲ್ಲಿ ಪೂರೈಕೆದಾರರಿಗೆ ಮಾದರಿ ಬಿಲ್ ಕಳುಹಿಸಿದೆ. ಹಿಂದಿರುಗುವ ಬಿಲ್‌ಗಳು ತಿಂಗಳಿಗೆ 30ರಿಂದ ಆಗಸ್ಟ್‌ನಲ್ಲಿ 18ಕ್ಕೆ ಇಳಿದವು. ಹೊಸ ತಂತ್ರಾಂಶ ಬಂದ ಮೇಲೆ 12 ಆಗಿವೆ. ಲೆಕ್ಕ ಬಿಲ್ ನೋಂದಣಿ ಪುಸ್ತಕದ್ದು.’ ಹಿಂದಿನ ವರ್ಷದ ಆಗಸ್ಟ್ ಪುಟವನ್ನೂ ಒಮ್ಮೆ ತಿರುವಿ ನೋಡಿ. ಪ್ರತಿ ಆಗಸ್ಟ್‌ನಲ್ಲೂ ಬಿಲ್‌ಗಳೇ ಕಡಿಮೆ ಬರುವುದಾದರೆ ಈ ಇಳಿಕೆಗೆ ಅರ್ಥವಿಲ್ಲ. ತಡರಾತ್ರಿಯ ಮಾತು ಬೇಡ. ಕೆಲಸದ ಹೊರೆ ಹೆಚ್ಚಿದ್ದರೆ ಮೇಲಧಿಕಾರಿಯೊಂದಿಗೆ ಅದನ್ನು ಬೇರೆಯಾಗಿಯೇ ಮಾತನಾಡಿ.

ನಾಗೇಶ್: ನನ್ನದು ಸರ್ವರ್ ನೋಡಿಕೊಳ್ಳುವ, ಬ್ಯಾಕಪ್ ತೆಗೆದಿಡುವ ಕೆಲಸ. ಏನೂ ಕೆಡದಿರುವುದೇ ನನ್ನ ಫಲ. ಅದನ್ನು ಅಳೆಯುವುದು ಹೇಗೆ?

ವಸುಧಾ: ಬ್ಯಾಕಪ್‌ನಿಂದ ಮಾಹಿತಿಯನ್ನು ಮರಳಿ ತಂದು ನೋಡಿದ್ದೀರಾ? ಎಷ್ಟು ಸಲ ಪ್ರಯತ್ನಿಸಿದಿರಿ, ಎಷ್ಟು ಸಲ ಪೂರ್ತಿ ಬಂತು, ಎಷ್ಟು ಹೊತ್ತು ಹಿಡಿಯಿತು ಎಂಬುದೇ ನಿಮ್ಮ ಅಳತೆ.

ನಾಗೇಶ್: ಪರೀಕ್ಷಿಸಲು ಬಿಡುವನ್ನೇ ಕೊಟ್ಟಿಲ್ಲ. ಎರಡು ಬಾರಿ ಕೇಳಿದ್ದೇನೆ.

ವಸುಧಾ: ಕೇಳಿದ ದಿನಾಂಕಗಳನ್ನು ಬರೆಯಿರಿ. ಅದು ಫಲವಲ್ಲ ನಿಜ, ಆದರೂ ದಾಖಲೆಯಲ್ಲಿರಬೇಕು.

ರಘು: ಸುಮಾ 18 ಎಂದು ಬರೆಯುತ್ತಾರೆ, ತಂತ್ರಾಂಶ ತಂದವರು 30ರಿಂದ 12 ಎಂದು ಪೂರ್ತಿ ತಮ್ಮದೆನ್ನುತ್ತಾರೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ನಷ್ಟ ಯಾರಿಗೆ?

ವಸುಧಾ: ಆ ಅಪಾಯ ಇದೆ, ಇಲ್ಲವೆನ್ನಲಾರೆ. ಅದಕ್ಕೇ ಜುಲೈ, ಆಗಸ್ಟ್ ಪುಟಗಳ ಪ್ರತಿಯನ್ನು ಜೊತೆಗೇ ಲಗತ್ತಿಸಿ, ಸುಮಾ.